ಯು ಇಲ್ಲದ ಕ್ಯೂ

ಕ್ಯೂ ಬಂದರೆ ಅದರ ಹಿಂದೆ ಯು ಬರಲೇಬೇಕು ಅಂತ ನನಗೆ ಒಂದನೇ ಕ್ಲಾಸಿನಲ್ಲೇ ಹೇಳಿಕೊಟ್ಟಿದ್ದರು. ಕ್ವೀನ್, ಕ್ವಿಲ್ಟ್, ಕ್ವೆಶ್ಚನ್. ರಾಜ-ರಾಣಿ ಕೈ ಹಿಡಿದು ನಡೆಯೋ ಚಿತ್ರ ಗೋಡೆ ಮೇಲೆ ಇತ್ತು. ಸ್ಪೆಲಿಂಗ್ ಪರೀಕ್ಷೆಗೆ ಈ ನಿಯಮ ಸಾಕು. ಸ್ಕ್ರ್ಯಾಬಲ್ ಆಡೋದಕ್ಕೆ ಸಾಕಾಗೋದಿಲ್ಲ. ಹಾಸ್ಟೆಲ್‌ನಲ್ಲಿ ಭಾನುವಾರ ಮಧ್ಯಾಹ್ನ ಬೋರ್ಡ್ ಹಾಸಿಕೊಂಡು ಕೂಡೋ ಗುಂಪು ನಮ್ಮದೊಂದಿದೆ. ಅಲ್ಲಿ ಯಾರ ಕೈಗೆ ಕ್ಯೂ ಬರುತ್ತೋ ಅವರ ಮುಖ ನೋಡಿದರೆ ಸಾಕು, ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಆ ಮುಖ ಮುಚ್ಚೋದು ಹೇಗೆ ಅನ್ನೋದೇ ಈ ಬರಹ.

ಮೊದಲು ಲೆಕ್ಕ. ಪೆಟ್ಟಿಗೆಯಲ್ಲಿ 100 ಬಿಲ್ಲೆ. ಅದರಲ್ಲಿ ಕ್ಯೂ ಒಂದೇ ಒಂದು, ಬೆಲೆ 10 ಅಂಕ. ಯು ನಾಲ್ಕು. ಐ ಒಂಬತ್ತು. ಆಟ ಕಂಡುಹಿಡಿದ ಆಲ್ಫ್ರೆಡ್ ಬಟ್ಸ್ ಅನ್ನೋ ಅಮೆರಿಕದ ವಾಸ್ತುಶಿಲ್ಪಿ 1930ರ ದಶಕದಲ್ಲಿ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿ ಈ ಸಂಖ್ಯೆಗಳನ್ನು ಗೊತ್ತುಮಾಡಿದ. ಅವನು ಎಣಿಸಿದ್ದು ಇಂಗ್ಲಿಷ್ ಪತ್ರಿಕೆ, ಹಂಗಾಗಿ ಕ್ಯೂಗೆ ಸಿಕ್ಕಿದ್ದು ಒಂದೇ ಕುರ್ಚಿ.

ಈಗ ನೀವು ಕ್ಯೂ ಹಿಡಿದು ಕೂತಿದ್ದೀರಿ ಅನ್ನಿ. ಕೈಯಲ್ಲಿರೋ ಏಳು ಬಿಲ್ಲೆಯಲ್ಲಿ ಯುನೂ ಇಲ್ಲ, ಐನೂ ಇಲ್ಲ. ಆಟ ಈಗಷ್ಟೇ ಶುರು, ಕಣ್ಣಿಗೆ ಕಾಣದ ಬಿಲ್ಲೆ 93. ಮೂರಕ್ಷರದ ಪದ ಒಂದನ್ನು ಆಡಿ ಚೀಲದಿಂದ ಮೂರು ಬಿಲ್ಲೆ ತೆಗೆದರೆ ಅದರಲ್ಲಿ ಒಂದಾದರೂ ಯು ಇರೋ ಸಾಧ್ಯತೆ ನೂರಕ್ಕೆ 12-13. ಒಂದಾದರೂ ಐ ಇರೋ ಸಾಧ್ಯತೆ ನೂರಕ್ಕೆ 26-27. ಅಂದರೆ ಯು ದಾರಿ ಕಾಯೋದಕ್ಕಿಂತ ಐ ದಾರಿ ಕಾಯೋದು ಎರಡು ಪಟ್ಟು ಲಾಭ. ಯು ಬಂದರೂ ಕೆಲಸ ಮುಗಿಯೋದಿಲ್ಲ, ಅದರ ಹಿಂದೆ ಇನ್ನೊಂದು ಸ್ವರ ಬೇಕು. ಐ ಬಂದರೆ ಎರಡೇ ಅಕ್ಷರದಲ್ಲಿ ಮುಗೀತು: QI. ಚೀನೀ ಭಾಷೆಯಿಂದ ಬಂದ ಪದ, ಪ್ರಾಣಶಕ್ತಿ ಅಂತ ಅರ್ಥ. ಅಮೆರಿಕದ ಆಟಗಾರರ ಪಟ್ಟಿಗೆ ಇದು ಸೇರಿದ್ದು 2006ರಲ್ಲಿ. ನಾವು ಆಡೋದು ಕಾಲಿನ್ಸ್ ಪಟ್ಟಿ ಇಟ್ಟುಕೊಂಡು, ಅದರಲ್ಲೂ ಇದೆ. ಸ್ಕ್ರ್ಯಾಬಲ್‌ನಲ್ಲಿ ಒಂದೇ ಒಂದು ಪದ ಬಾಯಿಪಾಠ ಮಾಡ್ತೀನಿ ಅಂತ ಯಾರಾದರೂ ಹೇಳಿದರೆ ನಾನು ಇದನ್ನೇ ಕೊಡ್ತೀನಿ.

QI ಬರೀ 11 ಅಂಕದ ಪದ ಅಲ್ವಾ ಅಂತ ಮೂಗು ಮುರೀಬೇಡಿ. ಅದು ಎಲ್ಲಿ ಕೂಡುತ್ತದೆ ಅನ್ನೋದರ ಮೇಲೆ ಬೆಲೆ. ಒಂದು ಉದಾಹರಣೆ ಬಿಲ್ಲೆ ಬಿಲ್ಲೆಯಾಗಿ ನೋಡೋಣ. ಮೊದಲ ಆಟಗಾರ ನಡುವಿನ ನಕ್ಷತ್ರದಿಂದ ಕೆಳಮುಖವಾಗಿ HERO ಇಟ್ಟ. ಎರಡನೆಯವನು ಅದರ ಕೊನೆಯ O ಬಳಸಿ ಅಡ್ಡಲಾಗಿ ROTI ಇಟ್ಟ. ನಮ್ಮ ರೊಟ್ಟಿಯೇ. ಈಗ ಆ ROTIಯ ಕೊನೆಯ I ಬಿಲ್ಲೆಯ ತಲೆಯ ಮೇಲಿನ ಚೌಕ ನೋಡಿ, ಅದು ಟ್ರಿಪಲ್ ಲೆಟರ್. ನಿಮ್ಮ ಕೈಯಲ್ಲಿ Q ಮತ್ತು I ಇದ್ದರೆ Q ಬಿಲ್ಲೆಯನ್ನು ಆ ಚೌಕದಲ್ಲಿಟ್ಟು ಅದರ ಬಲಕ್ಕೆ I ಇಡಿ. ಅಡ್ಡಲಾಗಿ QI ಆಯ್ತು. Q ಕೆಳಗೆ ರೊಟ್ಟಿಯ I ಇರೋದರಿಂದ ಉದ್ದಕ್ಕೂ QI ಆಯ್ತು. ಟ್ರಿಪಲ್ ಎರಡೂ ಪದಕ್ಕೆ ಲೆಕ್ಕ. ಅಡ್ಡ 30 + 1, ಉದ್ದ 30 + 1, ಒಟ್ಟು 62. ಎರಡೇ ಬಿಲ್ಲೆ ಖರ್ಚು. ನಮ್ಮ ಹಾಸ್ಟೆಲ್ ಆಟದಲ್ಲಿ ಒಂದು ಸರದಿಗೆ 20 ಬಂದರೆ ದೊಡ್ಡದು, ಹಂಗಾಗಿ 62 ಅಂದರೆ ಮೂರು ಸರದಿಯ ಸಂಬಳ ಒಮ್ಮೆಲೇ ಬಂದಂಗೆ.

ಈ ಉದಾಹರಣೆಯಲ್ಲಿ ನಿಜವಾದ ವಿಷಯ ಇರೋದು ಕ್ಯೂ ಒಳಗಲ್ಲ, ರೊಟ್ಟಿ ಒಳಗೆ. ಅಪ್ಪಟ ಇಂಗ್ಲಿಷ್ ಪದಗಳು ಐಯಿಂದ ಮುಗಿಯೋದು ಅಪರೂಪ. ಐಯಿಂದ ಮುಗಿಯೋ ಪದ ಹುಡುಕಿದರೆ ಬಹಳಷ್ಟು ಹೊರಗಿನಿಂದ ಬಂದವೇ ಆಗಿರುತ್ತವೆ, ಮತ್ತೆ ಅದರಲ್ಲಿ ನಮ್ಮ ಕಡೆಯವು ರಾಶಿ ಇವೆ. ROTI, IDLI, RAGI, BIDI, DESI, KHADI, DHOTI, DHOBI. ಎಲ್ಲವೂ ಕಾಲಿನ್ಸ್ ಪಟ್ಟಿಯಲ್ಲಿವೆ. ನಿಪ್ಪಾಣಿ ಕಡೆಯವರಿಗೆ ಬೀಡಿ ಗೊತ್ತಿಲ್ಲದೆ ಇರೋದಿಲ್ಲ, ಸುತ್ತ ತಂಬಾಕಿನ ಹೊಲ, ಊರಾಗ ಬೀಡಿ ಕಟ್ಟೋ ಮನೆಗಳು. ಆದರೆ ಅದು ಇಂಗ್ಲಿಷ್ ಮೀಡಿಯಂ ಶಾಲೆಯ ಸ್ಪೆಲಿಂಗ್ ಪಟ್ಟಿಯಲ್ಲಿ ಎಂದೂ ಬರಲಿಲ್ಲ. ಸ್ಕೂಲಿನಾಗ ಬಾಯಿ ತಪ್ಪಿ "ರೊಟ್ಟಿ" ಅಂದರೂ ಐದು ರೂಪಾಯಿ ದಂಡ ಇತ್ತು. ಬೋರ್ಡ್ ಮೇಲೆ ಅದೇ ರೊಟ್ಟಿ ಕ್ಯೂಗೆ ಬಾಗಿಲು ತೆಗೆಯುತ್ತದೆ.

ಹಂಗಂತ ಸಿಕ್ಕ ಕಡೆ ಇಡ್ಲಿ, ರೊಟ್ಟಿ ಬಡಿಸಬಾರದು. ಕ್ಯೂ ನಿಮ್ಮ ಕೈಯಲ್ಲಿ ಇದ್ದರೆ ಐಯಿಂದ ಮುಗಿಯೋ ಪದ ಇಡಿ, ಅದರ ಮೇಲೆ ಕೆಳಗೆ ಜಾಗ ಖಾಲಿ ಇರೋ ಹಂಗೆ ನೋಡಿಕೊಳ್ಳಿ. ಕ್ಯೂ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಟ್ರಿಪಲ್ ಲೆಟರ್ ಪಕ್ಕ ಐ ಬಿಟ್ಟು ಬರಬೇಡಿ. ಮೇಲಿನ ಉದಾಹರಣೆಯಲ್ಲಿ ROTI ಇಟ್ಟವನಿಗೆ ಸಿಕ್ಕಿದ್ದು 4 ಅಂಕ, ಅವನು ಬಿಟ್ಟುಕೊಟ್ಟಿದ್ದು 62.

ಐ ಇಲ್ಲದಾಗ ಏನು? QAT ಇದೆ, ಯೆಮೆನ್ ಕಡೆ ಜನ ಅಗಿಯೋ ಎಲೆ. ಅದಾದ ಮೇಲೆ ಬರೋ ದೊಡ್ಡ ಗುಂಪು ಇನ್ನೂ ಮಜಾ ಇದೆ: QADI, FAQIR, TALAQ, WAQF, BURQA, NIQAB, QAWWALI. ಒಮ್ಮೆ ಜೋರಾಗಿ ಓದಿ ನೋಡಿ. ಖಾಜಿ, ಫಕೀರ, ತಲಾಖ್, ವಕ್ಫ್, ಬುರ್ಖಾ, ನಿಕಾಬ್, ಕವ್ವಾಲಿ. ಇದರಲ್ಲಿ ಯಾವುದಕ್ಕೂ ನಾನು ಡಿಕ್ಷನರಿ ತೆಗೆಯಬೇಕಾಗಿಲ್ಲ, ರಾಯಬಾಗ ಸಂತೆಯಾಗ ಅರ್ಧ ತಾಸು ನಿಂತರೆ ಸಾಕು. ಅರಬ್ಬಿಯಲ್ಲಿ ಗಂಟಲಿನ ಆಳದಿಂದ ಬರೋ ಒಂದು ಕ ಇದೆ. ಇಂಗ್ಲಿಷ್‌ನವರು ಅದನ್ನು ಮಾಮೂಲಿ ಕದಿಂದ ಬೇರೆ ಮಾಡಿ ತೋರಿಸೋಕೆ ಕ್ಯೂ ಬಳಸಿದರು. ಅದು ಆ ಒಂದು ಧ್ವನಿಯ ಗುರುತು ಮಾತ್ರ, ಆದ್ದರಿಂದ ಯು ಬೇಕಾಗಿಲ್ಲ. ಕನ್ನಡದಲ್ಲಿ ಆ ಧ್ವನಿ ಇಲ್ಲ. ನಾವು ಕ ಅಂತಲೋ ಖ ಅಂತಲೋ ಮಾಡಿಕೊಂಡೆವು.

ಆ ಧ್ವನಿ ಇರೋ ಎಷ್ಟೋ ಪದ ನಮ್ಮ ಬಾಯಲ್ಲಿ ದಿನಾ ಓಡಾಡುತ್ತವೆ. ಹಕ್ಕು, ಕಾನೂನು, ಖೈದಿ, ನಮ್ಮ ಕಡೆ ವ್ಯತ್ಯಾಸಕ್ಕೆ ಅನ್ನೋ ಫರಕ, ಎಲ್ಲಾ ಅದೇ ಕ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದಕ್ಕೂ ಹಿಂದೆ ಅಂಟಿಕೊಂಡಿರೋ ತಾಲೂಕು ಅನ್ನೋ ಪದದ ಕೊನೆಯಲ್ಲೂ ಅದೇ. ಆದರೆ ಇಲ್ಲೊಂದು ಹೊಂಡ ಇದೆ, ಹುಷಾರು. ಮೂಲದಲ್ಲಿ ಆ ಧ್ವನಿ ಇದೆ ಅಂತ ಕ್ಯೂ ಹಾಕಿ TALUQ ಅಂತ ಇಟ್ಟರೆ ಬಿಲ್ಲೆ ವಾಪಸ್ ಎತ್ತಬೇಕಾಗುತ್ತದೆ. ಬ್ರಿಟಿಷ್ ಗುಮಾಸ್ತ ಅದನ್ನು K ಹಾಕಿ ಬರೆದುಬಿಟ್ಟ, ಪಟ್ಟಿಯಲ್ಲಿರೋದು TALUK ಮತ್ತೆ TALUKA. ವಕೀಲನೂ VAKIL, ಅಲ್ಲಿ ಮೂಲದಲ್ಲೇ ಮಾಮೂಲಿ ಕ. ಕಿವಿ ದಾರಿ ತೋರಿಸುತ್ತದೆ, ತೀರ್ಪು ಮಾತ್ರ ಪಟ್ಟಿಯದು.

ಪಟ್ಟಿಯ ಫೈಲ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇದ್ದರೆ, ಸಾಲಿಗೊಂದು ಪದದಂತೆ, ದೊಡ್ಡಕ್ಷರದಲ್ಲಿ, ಒಂದೇ ಸಾಲಿನ ಕೆಲಸ:

```
grep 'Q' words.txt | grep -v 'QU'
```

ನಮ್ಮ ರೂಮಿನ ಮಿತ್ರ ಇದನ್ನೇ `grep -v 'U'` ಅಂತ ಹೊಡೆದು "ಬುರ್ಖಾ ಇಲ್ವಲ್ಲೋ" ಅಂತ ಕೂಗಿದ. ಇರೋದಿಲ್ಲ. BURQA ಒಳಗೆ U ಇದೆ, ಆದರೆ ಅದು Q ಮುಂಚೆ ಇದೆ. SUQ ಕೂಡ ಹಾಗೇ, ಅರಬ್ ಊರುಗಳ ಸಂತೆ. ನಮಗೆ ಬೇಕಾಗಿರೋದು ಯು ಇಲ್ಲದ ಪದ ಅಲ್ಲ, ಕ್ಯೂ ಹಿಂದೆಯೇ ಯು ಬರದ ಪದ.

ಇನ್ನು ಕ್ಯೂ ಒಂದೇ ತಲೆನೋವಲ್ಲ. ಆದರೆ ಜನ ಹೆದರೋ ಬಿಲ್ಲೆ ಬೇರೆ, ನಿಜವಾಗಿ ಹೆದರಬೇಕಾದ ಬಿಲ್ಲೆ ಬೇರೆ ಅನ್ನೋದು ನನ್ನ ಅಭಿಪ್ರಾಯ. ಎಕ್ಸ್, ಜೆ, ಝಡ್ ನೋಡಿ ಹೆದರೋದು ಬೇಡ. ಎಕ್ಸ್‌ಗೆ ಎರಡಕ್ಷರದ ಪದ ಐದಿವೆ: AX, EX, OX, XI, XU. ಝಡ್‌ಗೆ ZA, ZO, ZE. ಜೆಗೆ JA, JO. ಮೇಲಾಗಿ ನಮ್ಮ ಜೋಳ ಇದೆಯಲ್ಲ, JOWAR, ಬರಿಗೈಲಿ 15 ಅಂಕ. ನಿಜವಾದ ಕಳ್ಳ ಅಂದರೆ ವಿ. ಎರಡು ಬಿಲ್ಲೆ, ತಲಾ 4 ಅಂಕ, ನೋಡೋಕೆ ಸಾಧು. ಆದರೆ ವಿ ಇರೋ ಎರಡಕ್ಷರದ ಪದ ಒಂದೂ ಇಲ್ಲ. ಎರಡಕ್ಷರದ ಪದ ಇಲ್ಲ ಅಂದರೆ ಇನ್ನೊಂದು ಪದದ ಪಕ್ಕ ಒತ್ತಿಕೊಂಡು ಕೂಡೋಕೆ ಬರೋದಿಲ್ಲ. ವಿ ಬಂದ ಕಡೆ ಬೋರ್ಡ್ ಸತ್ತುಹೋಗುತ್ತದೆ. ಕೈಯಲ್ಲಿ ಇದ್ದಾಗ ಇದು ಶಾಪ, ಅಡ್ಡಗಟ್ಟೋಕೆ ನಿಂತಾಗ ಇದೇ ಆಯುಧ. ಅದು ಹೇಗೆ ಅಂತ ಕಳೆದ ದೀಪಾವಳಿ ರಜೆಯ ಒಂದು ಆಟದಿಂದ ಹೇಳ್ತೀನಿ.

ನಿಪ್ಪಾಣಿಯಲ್ಲಿ ಕಾಕಾನ ಮನೆ. ಕಾಕಾನ ಮಗಳು ನನಗಿಂತ ಐದು ವರ್ಷ ದೊಡ್ಡಾಕಿ, ಅಕ್ಕ ಅಂತೀನಿ. ಅಕ್ಕ ಕಲಿತಿದ್ದು ಪೂರಾ ಕನ್ನಡ ಮೀಡಿಯಂ, ಆಟ ಆಡೋದರಲ್ಲಿ ನನ್ನನ್ನು ಎತ್ತಿ ಒಗೀತಾಳೆ. ಆ ದಿನದ ಪಣ: ಸೋತವರು ಸಂಜೆ ಎಲ್ಲರಿಗೂ ಭಡಂಗ ತರಬೇಕು, ಮತ್ತೆ ಗೆದ್ದವರು ಮುಂದಿನ ರಜೆಯವರೆಗೂ ಬಾಯಿಗೆ ಬಂದಂಗೆ ಮಾತಾಡಬಹುದು. ಎರಡನೇದೇ ಜಾಸ್ತಿ ಭಾರದ್ದು. ಸೋಲು ಅಂದರೆ "ಎಷ್ಟು ಫೀ ಕಟ್ಟಿ ಇಂಗ್ಲಿಷ್ ಕಲಿಸಿದ್ರೋ ನಿನಗ" ಅಂತ ಆರು ತಿಂಗಳು ಕೇಳಬೇಕು.

ಚೀಲ ಖಾಲಿ. ಅಕ್ಕ 318, ನಾನು 296. ಸರದಿ ನನ್ನದು. ನನ್ನ ಕೈಯಲ್ಲಿ V, A, A, E, R. ನಾನು ಆಟದುದ್ದಕ್ಕೂ ಒಂದು ಚೀಟಿಯ ಮೇಲೆ ಬಿದ್ದ ಬಿಲ್ಲೆ ಹೊಡೆದುಹಾಕ್ತಾ ಬಂದಿದ್ದೆ. ನೂರರಲ್ಲಿ ಬೋರ್ಡ್ ಮೇಲಿದ್ದದ್ದು, ನನ್ನ ಕೈಲಿದ್ದದ್ದು ಕಳೆದರೆ ಉಳಿದದ್ದು ನಾಲ್ಕು: Q, T, O, N. ಅಂದರೆ ಅವು ಅಕ್ಕನ ಕೈಯಲ್ಲೇ. ನಾಲ್ಕೂ ಯು ಆಗಲೇ ಬೋರ್ಡ್ ಮೇಲೆ ಬಿದ್ದಿದ್ದವು. ಅಕ್ಕನ ಹತ್ತಿರ ಐ ಇಲ್ಲ, ಹಂಗಾಗಿ ಕ್ಯೂ ಕಳೆಯಬೇಕು ಅಂದರೆ ಬೋರ್ಡ್ ಮೇಲಿನ ಐ ಒಂದಕ್ಕೆ ಅಂಟಿಸಿ QI ಮಾಡಬೇಕು, ಇಲ್ಲಾ ಎ ಒಂದನ್ನು ನಡುವೆ ಹಿಡಿದು QAT ಮಾಡಬೇಕು.

ಬೋರ್ಡ್ ತುಂಬಿತ್ತು. ತೆರೆದಿದ್ದ ಐ ಒಂದೇ, ಬಲಗಡೆ ಅಂಚಿನ ಹತ್ತಿರ ಅಡ್ಡ ಇಟ್ಟಿದ್ದ RAGI ಪದದ ಕೊನೆಯದು. ಆ ಐ ಮೇಲೂ ಖಾಲಿ, ಕೆಳಗೂ ಖಾಲಿ. RAGIಯ ಎ ಆಗಲೇ ಮೇಲಿಂದ ಕೆಳಗೆ ಹೋಗೋ ಇನ್ನೊಂದು ಪದದ ಭಾಗ ಆಗಿತ್ತು, ಅದರ ಚಿಂತೆ ಇರಲಿಲ್ಲ. ನಾನು ಬೇರೆ ಕಡೆ 12-13 ಅಂಕ ಹೊಡೆಯಬಹುದಿತ್ತು. ಹೊಡೆದಿದ್ದರೆ ಅಕ್ಕ ಐ ತಲೆ ಮೇಲೆ ಕ್ಯೂ ಕೂಡಿಸಿ ಎದ್ದು ಹೋಗ್ತಿದ್ದಳು.

ನಾನು ಐ ಮೇಲೆ V, ಕೆಳಗೆ A ಇಟ್ಟೆ. VIA. ಬರೀ 6 ಅಂಕ, 302 ಆಯ್ತು. ಈ ಪದ ಯಾಕೆ ಅಂದರೆ, ಐ ಮೇಲಿನ ಬಾಗಿಲು ಮುಚ್ಚಿತು. ವಿ ಪಕ್ಕ ಯಾರೂ ಎರಡಕ್ಷರ ಮಾಡೋ ಹಂಗಿಲ್ಲ. ಉಳಿದಿದ್ದು ನಾನೇ ಹೊಸದಾಗಿ ಇಟ್ಟ ಆ ಕೆಳಗಿನ ಎ. ಅಕ್ಕನ ಹತ್ತಿರ T ಇದೆ, ಅಡ್ಡಲಾಗಿ QAT ಇಡಬಹುದಲ್ಲ? ಇಡೋಕಾಗಲ್ಲ. ಆ ಎ ಎಡಗಡೆ ಇರೋ ಚೌಕದ ತಲೆ ಮೇಲೆ RAGIಯ G ಕೂತಿದೆ. ಅಲ್ಲಿ Q ಇಟ್ಟರೆ ಉದ್ದಕ್ಕೆ GQ ಅಂತ ಆಗುತ್ತದೆ, ಅಂಥ ಪದ ಇಲ್ಲ. ಇದನ್ನು ಖಾತ್ರಿ ಮಾಡಿಕೊಳ್ಳದೆ ಎ ಇಡಬಾರದು, ಒಂದು ಬಾಗಿಲು ಮುಚ್ಚೋಕೆ ಹೋಗಿ ಇನ್ನೊಂದನ್ನು ತೆಗೆದಂಗಾಗುತ್ತದೆ.

ಅಕ್ಕ ಎರಡು ನಿಮಿಷ ಬೋರ್ಡ್ ನೋಡಿದಳು. ಆಮೇಲೆ ನನ್ನ ಚೀಟಿ ನೋಡಿದಳು.

"ಏ ತಮ್ಮಾ, ಕ್ಯೂ ನನ್ನ ಕೊಳ್ಳಿಗಿ ಕಟ್ಟಿದೆಲ್ಲೋ."

"ಹತ್ತು ಪಾಯಿಂಟಿಂದ ಐತಿ ಅಕ್ಕಾ, ಚಲೋ ಬಿಲ್ಲಿ."

"ಹೌದಪಾ, ನೀನ ಇಟ್ಕೊ ಹಂಗಾರ."

TON ಇಟ್ಟು 9 ತಗೊಂಡಳು. 327. ಕೈಯಲ್ಲಿ ಕ್ಯೂ ಒಂದೇ. ಈಗ ನನ್ನ ಹತ್ತಿರ E, R, A. ಇಲ್ಲೇ ಬಹಳ ಜನ ಅವಸರ ಮಾಡೋದು. ಮೂರನ್ನೂ ಒಂದೇ ಸಲ ಖಾಲಿ ಮಾಡಿದರೆ ನನಗೆ 6 ಅಂಕದ ಜಾಗ ಇತ್ತು. ಆದರೆ ಅಕ್ಕ ಕೈ ಖಾಲಿ ಮಾಡೋ ಹಂಗೇ ಇಲ್ಲ, ಹಂಗಿದ್ದಾಗ ನನಗೆ ಅವಸರ ಯಾಕೆ? ಒಂದೊಂದೇ ಬಿಲ್ಲೆ ಒಂದೊಂದು ಪದದ ಬಾಲಕ್ಕೆ ಅಂಟಿಸ್ತಾ ಹೋದೆ. ಪ್ರತಿ ಸಲ ಒಂದೇ ಪರೀಕ್ಷೆ: ಇದರಿಂದ ಎಲ್ಲಾದರೂ Q ಒಂದನ್ನೇ ಮುಂದೆ ಅಂಟಿಸೋ ಹಂಗೆ AT ಹುಟ್ಟುತ್ತದಾ, ಖಾಲಿ ತಲೆಯ ಐ ಹುಟ್ಟುತ್ತದಾ? ಇಲ್ಲ ಅಂದಮೇಲೆ ಇಟ್ಟೆ. 5, ಆಮೇಲೆ 4, ಆಮೇಲೆ 4. ನಡುವೆ ಎರಡು ಸಲ ಅಕ್ಕ ಪಾಸ್. ನನ್ನದು 315.

ಎದುರಾಳಿ ಕೈಲಿ ಉಳಿದ ಬಿಲ್ಲೆಯ ಎರಡು ಪಟ್ಟು ಮೊದಲು ಮುಗಿಸಿದವನಿಗೆ ಸೇರುತ್ತದೆ. ಕ್ಯೂ 10, ಎರಡು ಪಟ್ಟು 20. 335ಕ್ಕೆ 327. ಪೆಟ್ಟಿಗೆಯ ನಿಯಮದ ಪ್ರಕಾರ ಅವಳಿಂದ 10 ಕಳೆದು ನನಗೆ 10 ಕೂಡಿಸಿದರೂ ಅಂತರ ಅದೇ 8. ಮೂರು ಬಿಲ್ಲೆ ಒಮ್ಮೆಲೇ ಇಟ್ಟಿದ್ದರೆ 328ಕ್ಕೆ 327, ಒಂದೇ ಒಂದು ಅಂಕದಲ್ಲಿ ಗೆಲ್ತಿದ್ದೆ, ಮತ್ತೆ ಅಕ್ಕ ಮೊದಲಿನಿಂದ ಎಲ್ಲಾ ಕೂಡಿಸಿ ನೋಡೋಣ ಅಂತ ಹಠ ಹಿಡೀತಿದ್ದಳು. 20 ಅಂಕದ ಈ ಹೊಡೆತಕ್ಕಾಗಿಯೇ ಕ್ಯೂ ಅನ್ನು ಕೊನೆಯವರೆಗೂ ಇಟ್ಟುಕೊಳ್ಳಬಾರದು ಅನ್ನೋದು. ಚೀಲದಲ್ಲಿ 7 ಬಿಲ್ಲೆ ಇರೋವರೆಗೆ ಮಾತ್ರ ಬದಲಾಯಿಸೋಕೆ ಅವಕಾಶ, ಅದಕ್ಕೂ ಒಂದು ಸರದಿ ಕಳ್ಕೋಬೇಕು. ಚೀಲ 15ರ ಹತ್ತಿರ ಬಂದು, ಬೋರ್ಡ್ ಮೇಲೆ ತೆರೆದ ಐ ಇಲ್ಲ, ಕೈಯಲ್ಲಿ ಐ ಇಲ್ಲ ಅಂದರೆ ನಾನು ಒಂದು ಸರದಿ ಬಿಟ್ಟು ಕ್ಯೂ ವಾಪಸ್ ಹಾಕ್ತೀನಿ. ಅಕ್ಕನಿಗೆ ಆ ದಿನ ಕ್ಯೂ ಬಂದಿದ್ದೇ ಚೀಲದ ಕೊನೇ ಬಿಲ್ಲೆಯಾಗಿ, ಆಕೆಗೆ ಆ ಅವಕಾಶವೇ ಇರಲಿಲ್ಲ. ಭಡಂಗ ತಂದಳು, ನನ್ನ ಪಾಲಿಗೆ ಹಸಿಮೆಣಸಿನಕಾಯಿ ಜಾಸ್ತಿ ಹಾಕಿಸಿಕೊಂಡು.

ಭಡಂಗ ತಿನ್ನುವಾಗ ಕಾಕಾ ಬಂದು ಕೂತರು. ಕ್ಯೂ ಜಗಳ ಕೇಳಿ, ಇಂಕಿಲಾಬ್ ಒಳಗೂ ಕ್ಯೂ ಬರ್ತೈತಲ್ಲೋ ಅಂದರು. 1981ರಲ್ಲಿ ನಿಪ್ಪಾಣಿಯ ತಂಬಾಕು ರೈತರ ಚಳವಳಿ ನಡೆದಾಗ ಕಾಕಾ ಇನ್ನೂ ಸಣ್ಣವರು, ಆದರೂ ಆ ವರ್ಷದ ಮಾತು ಬಂದರೆ ಬೇಗ ನಿಲ್ಲಿಸೋದಿಲ್ಲ. ಪಟ್ಟಿ ನೋಡಿದೆವು. INQILAB ಇದೆ! ಸರಿಯಾಗಿ ಏಳಕ್ಷರ, ಕೈಯಲ್ಲಿರೋ ಏಳೂ ಬಿಲ್ಲೆ ಒಮ್ಮೆಲೇ ಹೋದರೆ 50 ಅಂಕ ಹೆಚ್ಚುವರಿ. ಎಂಜಿನಿಯರಿಂಗ್ ಓದ್ತಿದ್ದೀಯಲ್ಲ, ಲೆಕ್ಕ ಹಾಕು ಅಂದರು. ಹಾಕಿದೆ. ಖಾಲಿ ಬಿಲ್ಲೆ ಬಿಟ್ಟು, ಮೊದಲ ಏಳು ಬಿಲ್ಲೆಯಲ್ಲೇ ಇದು ಬರಬೇಕು ಅಂದರೆ: ಒಂಬತ್ತು I ಒಳಗೆ ಎರಡು, ಆರು N ಒಳಗೆ ಒಂದು, ಒಂದೇ Q, ನಾಲ್ಕು L ಒಳಗೆ ಒಂದು, ಒಂಬತ್ತು A ಒಳಗೆ ಒಂದು, ಎರಡು B ಒಳಗೆ ಒಂದು. 36 × 6 × 1 × 4 × 9 × 2, ಅಂದರೆ 15,552 ದಾರಿ. ನೂರರಲ್ಲಿ ಏಳು ಆರಿಸೋ ಒಟ್ಟು ದಾರಿ 1,600 ಕೋಟಿಗೂ ಜಾಸ್ತಿ. ಭಾಗಿಸಿದರೆ ಸುಮಾರು ಹತ್ತು ಲಕ್ಷಕ್ಕೆ ಒಂದು ಸಲ. "ಕ್ರಾಂತಿ ಅಷ್ಟು ಸರಳ ಅಲ್ಲೋ" ಅಂದು ಕಾಕಾ ನಕ್ಕರು.

ಅಕ್ಕ ಬಿಡಲಿಲ್ಲ. ಕಬ್ಬು ಕಡಿಯೋ ಗ್ಯಾಂಗ್ ಕರಕೊಂಡು ಬರೋ ಮುಕಾದಮ ಇದಾನಲ್ಲ, ಅವನ ಒಳಗೂ ಇರಬೇಕು ನೋಡು ಅಂದಳು. ಅಥಣಿ, ಕಾಗವಾಡ ಕಡೆ ಕಾರ್ಖಾನೆ ಹಂಗಾಮು ಶುರು ಆದರೆ ಎಲ್ಲರ ಬಾಯಲ್ಲೂ ಇರೋ ಪದ ಅದು, ಮುಕಾದಮ ಬಂದನಾ, ಎಷ್ಟು ಉಚಲ ತಗೊಂಡ, ಓಡಿಹೋದನಾ ಅಂತ. ನಾನು ಇರಲಿಕ್ಕಿಲ್ಲ ಅಂದುಕೊಂಡೇ ಹುಡುಕಿದೆ. MUQADDAM ಇದೆ. ಎಂಟಕ್ಷರ, ಹಂಗಾಗಿ ಒಂದು ಅಕ್ಷರ ಬೋರ್ಡ್ ಮೇಲೆ ಮೊದಲೇ ಇರಬೇಕು. ಪೆಟ್ಟಿಗೆಯಲ್ಲಿರೋದೇ ಎರಡು M, ಅವೆರಡೂ ಬೇಕು, ಜೊತೆಗೆ ಇರೋ ಒಂದೇ Q ಬೇಕು. ಅಕ್ಕ ಮೊಬೈಲ್ ಕಸಿದುಕೊಂಡು ಸ್ಪೆಲಿಂಗ್ ಎರಡು ಸಲ ಓದಿದಳು, D ಎರಡು ಅಂತ ಬೆರಳಲ್ಲಿ ಗುರುತು ಮಾಡಿಕೊಂಡಳು. ಅವತ್ತಿನಿಂದ ಅಕ್ಕನ ಕೈಗೆ M ಬಂದರೆ ಸಾಕು, ಅದನ್ನು ಮಾತ್ರ ಆಡೋದೇ ಇಲ್ಲ, ಇನ್ನೊಂದರ ದಾರಿ ಕಾಯ್ತಾ ಕೂಡ್ತಾಳೆ.